ದುಡಿಮೆಯಲ್ಲಿ ಮುಂದು, ಹೊಂದಾಣಿಕೆಯಲ್ಲಿ ಹಿಂದು: ಇಂಥ ನೌಕರರ ವಾರ್ಷಿಕ ವರದಿ ಬರೆಯುವ ಕ್ರಮ

ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಹೊತ್ತಿಗೆ ನಮ್ಮಂಥ ಸಂಘಗಳಲ್ಲಿ ಇನ್ನೊಂದು ಕೆಲಸವೂ ಕೂಡಿ ಬರುತ್ತದೆ. ಅದು ನೌಕರರ ವಾರ್ಷಿಕ ಕಾರ್ಯವರದಿ. ಇನ್‌ಕ್ರಿಮೆಂಟು, ಬಡ್ತಿ ಎರಡೂ ಈ ವರದಿಯನ್ನೇ ಆಧರಿಸುತ್ತವೆ. ಚೆನ್ನಾಗಿ ಕೆಲಸ ಮಾಡಿ ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರ ವರದಿ ಬರೆಯಲು ಕಷ್ಟವಿಲ್ಲ. ಕೆಲಸವನ್ನೇ ಮಾಡದವರದೂ ಕಷ್ಟವಲ್ಲ. ಪೇಚಿಗೆ ಸಿಕ್ಕಿಸುವುದು ಮೂರನೆಯ ಬಗೆಯವರು: ವಹಿಸಿದ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿರುತ್ತಾರೆ, ಆದರೆ ಅಕ್ಕಪಕ್ಕದವರ ಕೆಲಸ ಇವರಿಂದ ಕೆಟ್ಟಿರುತ್ತದೆ. ಆಡಳಿತ ಮಂಡಳಿಯಲ್ಲಿ ಕುಳಿತ ಸದಸ್ಯ ಬಾಂಧವರಿಗೆ ಇಂಥ ವರದಿ ಮುಂದೆ ಬಂದಾಗ ಉಪಯೋಗವಾಗಲೆಂದು, ಮೇಲಿನವರ ಕಡೆಯಿಂದ ಅದನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ತೋಟದಲ್ಲಿ ರೈಟರನ್ನೋ ಮೇಸ್ತ್ರಿಯನ್ನೋ ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ.

ಒಂದು ಉದಾಹರಣೆ

ವಿಷಯ ಗಾಳಿಯಲ್ಲಿ ತೇಲದಿರಲೆಂದು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಒಂದು ಸಂಘಕ್ಕೆ ಮುಖ್ಯ ಗೋದಾಮು ಒಂದು, ಕಾಫಿ ಖರೀದಿ ಕೇಂದ್ರಗಳು ನಾಲ್ಕು. ಅವುಗಳಲ್ಲಿ ಒಂದು ಕೇಂದ್ರದ ಮೇಲ್ವಿಚಾರಕರು ಹತ್ತು ವರ್ಷದ ಅನುಭವಸ್ಥರು. ಈ ಸಾಲಿಗೆ ಅವರಿಗೆ ಗೊತ್ತುಮಾಡಿದ್ದು 1,800 ಚೀಲ. ಅವರು ಖರೀದಿಸಿದ್ದು 2,150 ಚೀಲ. ತೂಕದಲ್ಲಿ ತಕರಾರಿಲ್ಲ, ತೇವಾಂಶದ ಬಗ್ಗೆ ಗೋದಾಮಿನಿಂದ ದೂರಿಲ್ಲ. ಉಳಿದ ಮೂರು ಕೇಂದ್ರಗಳು ಗುರಿ ಮುಟ್ಟಲಿಲ್ಲ.

ಆದರೆ ಅದೇ ಅವಧಿಯಲ್ಲಿ ನಡೆದ ಮೂರು ಸಂಗತಿಗಳಿವೆ. ಒಂದು, ಡಿಸೆಂಬರಿನಲ್ಲಿ ಮುಂಚಿತವಾಗಿ ಒಂದು ಫೋನನ್ನೂ ಮಾಡದೆ ಎರಡು ಲಾರಿ ಮಾಲನ್ನು ಸಂಜೆ ಗೋದಾಮಿಗೆ ಕಳುಹಿಸಿದರು. ಅಂದು ಇದ್ದ ಹಮಾಲರು ನಾಲ್ವರೇ. ಚೀಲಗಳು ರಾತ್ರಿ ಒಂಬತ್ತರವರೆಗೆ ಇಬ್ಬನಿಯಲ್ಲಿ ಕುಳಿತವು, ಮರುದಿನದ ರವಾನೆ ನಿಂತಿತು. ಎರಡು, ಖರೀದಿ ಚೀಟಿಗಳು ಮರುದಿನ ಬೆಳಿಗ್ಗೆ ಕಚೇರಿಗೆ ಬರಬೇಕೆಂಬ ನಿಯಮವಿದ್ದರೂ 14 ವಾರಗಳಲ್ಲಿ 9 ವಾರ ಅವು ಐದಾರು ದಿನಕ್ಕೊಮ್ಮೆ ಕಟ್ಟಾಗಿ ಬಂದವು. ಸದಸ್ಯರಿಗೆ ಹಣ ತಡವಾಯಿತು, ಬೈಗುಳ ಕೇಳಿದವರು ಲೆಕ್ಕಿಗರು. ಮೂರು, ಪಕ್ಕದ ಕೇಂದ್ರದ ತೇವಾಂಶದ ಮೀಟರು ಕೆಟ್ಟಾಗ ಇವರಲ್ಲಿದ್ದ ಹೆಚ್ಚುವರಿ ಮೀಟರನ್ನು ಒಂದು ದಿನದ ಮಟ್ಟಿಗೆ ಕೇಳಿದರು. ಇವರು ಕೊಡಲಿಲ್ಲ. ಅಲ್ಲಿ ಒಂದೂವರೆ ದಿನ ಖರೀದಿ ನಿಂತು, ಟೋಕನ್ ಬರೆಸಿದ್ದ ಸುಮಾರು 60 ಚೀಲ ಖಾಸಗಿ ವ್ಯಾಪಾರಿಗಳಿಗೆ ಹೋಯಿತು.

ಈಗ ಇವರ ವರದಿಯಲ್ಲಿ ಏನು ಬರೆಯಬೇಕು?

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದು ತಪ್ಪೆಂದರೆ, 2,150 ಎಂಬ ಅಂಕಿಯ ಬೆಳಕಿನಲ್ಲಿ ಉಳಿದುದೆಲ್ಲ ಕಾಣದಂತಾಗುವುದು. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು ತೋರಿಸಿಕೊಟ್ಟರು. ಸೈನ್ಯದ ಅಧಿಕಾರಿಗಳಿಗೆ ಮೇಲಿನವರು ಕೊಟ್ಟ ಅಂಕಗಳನ್ನು ಅವರು ಪರಿಶೀಲಿಸಿದಾಗ, ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ನಡತೆ ಇವೆಲ್ಲ ಬೇರೆ ಬೇರೆ ಗುಣಗಳಾದರೂ ಅಂಕಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಂತೆ ಬಂದಿದ್ದವು. ಒಟ್ಟಾರೆ ಒಳ್ಳೆಯವನೆಂದು ತೋರಿದವನಿಗೆ ಎಲ್ಲದರಲ್ಲೂ ಒಳ್ಳೆಯ ಅಂಕ. ಥಾರ್ನ್‌ಡೈಕ್ ಇದಕ್ಕೆ ದೇವರ ಪಟಗಳಲ್ಲಿ ತಲೆಯ ಹಿಂದೆ ಬರೆಯುವ ಪ್ರಭಾವಳಿಯ ಹೆಸರನ್ನೇ ಕೊಟ್ಟರು.

ಇನ್ನೊಂದು ತಪ್ಪು ಇದರ ಉಲ್ಟಾ. ಲೆಕ್ಕಿಗರೂ ಗೋದಾಮಿನವರೂ ದಿನವೂ ದೂರು ಹೇಳಿ ಹೇಳಿ ಕಾರ್ಯದರ್ಶಿಯ ಮನಸ್ಸು ಕಹಿಯಾಗಿ, ಹೆಚ್ಚುವರಿ ಖರೀದಿಗೆ ಸಲ್ಲಬೇಕಾದ ಮನ್ನಣೆಯೂ ತಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಸರಾಸರಿ. ಖರೀದಿಗೆ "ಅತ್ಯುತ್ತಮ", ಹೊಂದಾಣಿಕೆಗೆ "ಸಾಧಾರಣ", ಎರಡನ್ನೂ ಕೂಡಿಸಿ ಭಾಗಿಸಿ "ಉತ್ತಮ" ಎಂದು ಬರೆದು ಮುಗಿಸುವುದು. ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆ ನೌಕರರು ತಮ್ಮ ದುಡಿಮೆಗೆ ಬೆಲೆಯಿಲ್ಲವೆಂದುಕೊಳ್ಳುತ್ತಾರೆ. ಉಳಿದವರು ಅವರನ್ನು ಯಾರೂ ಕೇಳುವುದಿಲ್ಲವೆಂದುಕೊಳ್ಳುತ್ತಾರೆ. ಚೆರ್ರಿಯನ್ನೂ ಪಾರ್ಚ್‌ಮೆಂಟನ್ನೂ ಒಂದೇ ಚೀಲಕ್ಕೆ ಸುರಿದರೆ ಎರಡರ ಬೆಲೆಯೂ ಸಿಗುವುದಿಲ್ಲ. ಇದೂ ಹಾಗೆಯೇ. ಆದಕಾರಣ ವರದಿಯಲ್ಲಿ ಎರಡು ಬೇರೆ ಬೇರೆ ಭಾಗಗಳಿರಬೇಕು, ಎರಡರ ಅಂಕವೂ ಕೊನೆಯವರೆಗೆ ಬೇರೆಯಾಗಿಯೇ ಉಳಿಯಬೇಕು.

ಮೊದಲು ಫಲಿತಾಂಶವನ್ನು ಸೋಸಿ ನೋಡಿ

ಹೊಂದಾಣಿಕೆಯ ಮಾತಿಗೆ ಹೋಗುವ ಮುಂಚೆ, ಫಲಿತಾಂಶ ಎಷ್ಟರಮಟ್ಟಿಗೆ ಸಂಘಕ್ಕೆ ಬಂದ ಲಾಭ ಎಂಬುದನ್ನು ಪುಸ್ತಕದಿಂದಲೇ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ ಗುರಿಗಿಂತ ಹೆಚ್ಚಾಗಿ ಬಂದದ್ದು 350 ಚೀಲ. ಸದಸ್ಯರ ಖಾತೆಯೊಂದಿಗೆ ತಾಳೆ ನೋಡಿದಾಗ ಅದರಲ್ಲಿ 90 ಚೀಲ ಪಕ್ಕದ ಕೇಂದ್ರಕ್ಕೆ ಸೇರಿದ ಸದಸ್ಯರದು ಎಂದು ತಿಳಿಯಿತೆನ್ನಿ. ಅದು ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋದ ಹಣ, ಸಂಘಕ್ಕೆ ಹೊಸತಲ್ಲ. ಉಳಿದದ್ದು 260. ಮೀಟರು ಕೊಡದೆ ಹೋದುದರಿಂದ ಹೊರಗೆ ಹೋದ 60 ಚೀಲವನ್ನು ಕಳೆದರೆ 200.

ಈ ಲೆಕ್ಕದಿಂದ ಎರಡು ಉಪಯೋಗಗಳಿವೆ. ಇಷ್ಟೆಲ್ಲ ಕಳೆದ ಮೇಲೂ 200 ಚೀಲ ಉಳಿಯಿತು, ಅಂದರೆ ಅವರು ನಿಜವಾಗಿಯೂ ಒಳ್ಳೆಯ ಖರೀದಿದಾರರು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅದರ ಜೊತೆಗೆ, ಹೊಂದಾಣಿಕೆ ಎಂಬುದು ಕೇವಲ ನಯವಿನಯದ ಪ್ರಶ್ನೆಯಲ್ಲ, ಅದಕ್ಕೂ ಚೀಲದ ಲೆಕ್ಕವಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮಾತುಕತೆಯಲ್ಲಿ ಸ್ವಭಾವದ ಚರ್ಚೆಗಿಂತ ಈ ಲೆಕ್ಕ ಹತ್ತು ಪಾಲು ಹೆಚ್ಚು ಕೆಲಸ ಮಾಡುತ್ತದೆ.

ಆ ಮೇಲೆ ನಮ್ಮ ವ್ಯವಸ್ಥೆಯನ್ನು ನೋಡಿ

ಅವರು ಹೀಗೇಕೆ ಮಾಡಿದರು ಎಂದು ಕೇಳಿಕೊಳ್ಳುವ ಮುಂಚೆ, ಹೀಗೆ ಮಾಡಲು ನಾವೇ ದಾರಿ ಮಾಡಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ನಮ್ಮ ಉದಾಹರಣೆಯ ಸಂಘದಲ್ಲಿ ಮೇಲ್ವಿಚಾರಕರಿಗೆ ಪ್ರೋತ್ಸಾಹಧನ ಕೊಡುವುದು ಅವರವರ ಕೇಂದ್ರದ ಚೀಲದ ಲೆಕ್ಕದ ಮೇಲೆ ಮಾತ್ರ ಎಂದಿಟ್ಟುಕೊಳ್ಳಿ. ಮೀಟರು ಕೊಟ್ಟಿದ್ದರೆ ಇವರಿಗೆ ಬರುವುದು ಏನೂ ಇಲ್ಲ, ತಮ್ಮ ಮೀಟರು ಕೆಟ್ಟರೆ ಹೋಗುವುದು ಮಾತ್ರ ಇದೆ. ಇಂಥ ಏರ್ಪಾಡು ಮಾಡಿಟ್ಟು ಸಹಕಾರದ ಮನೋಭಾವ ಇಲ್ಲವೆಂದು ಬರೆಯುವುದು ನ್ಯಾಯವಲ್ಲ. ಮುಂದಿನ ಸಾಲಿಗೆ ಪ್ರೋತ್ಸಾಹಧನದ ಒಂದು ಭಾಗವನ್ನು ನಾಲ್ಕೂ ಕೇಂದ್ರಗಳ ಒಟ್ಟು ಖರೀದಿಗೆ ಕಟ್ಟುವುದು ಮಂಡಳಿ ಮಾಡಬೇಕಾದ ಕೆಲಸ.

ಚೀಟಿಗಳ ವಿಷಯವೂ ಹೀಗೆಯೇ. ಸುಗ್ಗಿಯಲ್ಲಿ ರಾತ್ರಿ ಎಂಟರವರೆಗೆ ತೂಕ ನಡೆಯುವ ಕೇಂದ್ರಕ್ಕೆ ಬರೆಯುವವರನ್ನು ಕೊಟ್ಟಿಲ್ಲವೆಂದರೆ ತಡದಲ್ಲಿ ನಮ್ಮ ಪಾಲೂ ಇದೆ. ಆದರೆ ಫೋನು ಮಾಡದೆ ಲಾರಿ ಕಳುಹಿಸಿದ್ದಕ್ಕೆ ಈ ನೆಪ ಸಲ್ಲದು. ಒಂದು ಫೋನಿಗೆ ಎರಡು ನಿಮಿಷ ಸಾಕು. ಹೀಗೆ ಮೂರು ಸಂಗತಿಗಳನ್ನೂ ಬೇರೆ ಬೇರೆಯಾಗಿ ತೂಗಬೇಕು: ಒಂದು ಪೂರ್ತಿ ಅವರದು, ಒಂದು ಅರ್ಧ ನಮ್ಮದು, ಒಂದು ಹೆಚ್ಚಾಗಿ ವ್ಯವಸ್ಥೆಯದು.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಎಲ್ಲ ಜಗಳವೂ ಹೊಂದಾಣಿಕೆಯ ಕೊರತೆಯಲ್ಲ. ಒದ್ದೆ ಮಾಲಿಗೆ ಒಣ ಮಾಲಿನ ದರ ಬರೆಯಲು ಒಪ್ಪದವರ ಮೇಲೂ, ಸುಳ್ಳು ತೂಕಕ್ಕೆ ಸಹಿ ಹಾಕದವರ ಮೇಲೂ ದೂರು ಬರುತ್ತದೆ. ಆ ಜಗಳದಿಂದ ಉಳಿದದ್ದು ಸಂಘದ ಹಣವೋ, ಅವರ ಸ್ವಂತ ಅನುಕೂಲವೋ ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

ಬರೆಯುವ ರೀತಿ

"ಇವರು ಹೊಂದಿಕೊಳ್ಳುವ ಸ್ವಭಾವದವರಲ್ಲ. ಅಹಂಭಾವ ಜಾಸ್ತಿ." ವರದಿಗಳಲ್ಲಿ ಇಂಥ ವಾಕ್ಯಗಳು ಸಾಮಾನ್ಯ. ಇದರಿಂದ ಪ್ರಯೋಜನವಿಲ್ಲ. ಸ್ವಭಾವವನ್ನು ಬದಲಾಯಿಸಿಕೊಳ್ಳಿ ಎಂದರೆ ನಲವತ್ತು ದಾಟಿದ ಮನುಷ್ಯ ಏನು ಮಾಡಬೇಕು? ಅದರ ಬದಲು ಯಾವ ದಿನ, ಏನು ಮಾಡಿದರು, ಅದರಿಂದ ಯಾರ ಕೆಲಸಕ್ಕೆ ಏನಾಯಿತು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಬರೆಯಬೇಕು. ಉದಾಹರಣೆಗೆ:

"ಡಿಸೆಂಬರಿನಲ್ಲಿ ಮುಂಚಿತವಾಗಿ ತಿಳಿಸದೆ ಎರಡು ಲಾರಿ ಮಾಲು ಕಳುಹಿಸಿದ್ದರಿಂದ ಗೋದಾಮಿನಲ್ಲಿ ರಾತ್ರಿ ಒಂಬತ್ತರವರೆಗೆ ಇಳಿಸುವ ಕೆಲಸ ನಡೆದು, ಮರುದಿನದ ರವಾನೆ ನಿಂತಿತು."

ಇದರಲ್ಲಿ ಬೈಗುಳವಿಲ್ಲ, ವಿಶೇಷಣವಿಲ್ಲ. ಲಾರಿ ಪುಸ್ತಕ ತೆಗೆದು ತೋರಿಸಬಹುದು. ಮುಂದೆ ಏನು ಮಾಡಬೇಕೆಂಬುದೂ ಅದರಲ್ಲೇ ಅಡಗಿದೆ. ಇಂಥವು ಎರಡು ಮೂರು ಸಾಕು. ಹತ್ತು ಸಂಗತಿ ಪಟ್ಟಿ ಮಾಡಿದರೆ ಅದು ವರದಿಯಾಗದೆ ಆರೋಪಪಟ್ಟಿಯಾಗುತ್ತದೆ.

ಇವನ್ನು ಮಾರ್ಚಿನಲ್ಲಿ ಕುಳಿತು ನೆನಪು ಮಾಡಿಕೊಳ್ಳಲು ಹೋದರೆ ಕೊನೆಯ ತಿಂಗಳಿನದಷ್ಟೇ ನೆನಪಾಗುತ್ತದೆ. ಆದ್ದರಿಂದ ಮೇಲಿನವರು ವರ್ಷವಿಡೀ ಒಂದು ಪುಸ್ತಕವಿಟ್ಟು, ಪ್ರತಿ ನೌಕರರಿಗೂ ಎರಡು ಹಾಳೆ ಮೀಸಲಿಟ್ಟು, ಒಳ್ಳೆಯದನ್ನೂ ಕೆಟ್ಟದ್ದನ್ನೂ ತಾರೀಖಿನೊಂದಿಗೆ ಒಂದೊಂದು ಸಾಲು ಬರೆದಿಡಬೇಕು. ಬರೆದ ವಾರದಲ್ಲಿಯೇ ಅದನ್ನು ಆ ನೌಕರರಿಗೆ ಬಾಯಲ್ಲಿ ಹೇಳಿಯೂ ಇರಬೇಕು. ಡಿಸೆಂಬರಿನ ಲಾರಿಯ ವಿಷಯ ಮಾರ್ಚಿನಲ್ಲಿ ಮೊದಲ ಬಾರಿ ಕಿವಿಗೆ ಬಿದ್ದರೆ, "ಮೂರು ತಿಂಗಳು ಸುಮ್ಮನಿದ್ದು ಈಗ ಹೊರಗೆ ತೆಗೆದಿರಾ?" ಎಂದು ಅವರು ಕೇಳುವುದು ಸರಿಯಾಗಿಯೇ ಇದೆ.

ಬರೆದುದನ್ನು ಮುಚ್ಚಿಡಲೂ ಬಾರದು. ಸರ್ಕಾರಿ ನೌಕರಿಯಲ್ಲಿ ಹಿಂದೆ ಗೋಪ್ಯ ವರದಿಯ ಪದ್ಧತಿಯಿತ್ತು, ಪ್ರತಿಕೂಲವಾದದ್ದನ್ನು ಮಾತ್ರ ನೌಕರರಿಗೆ ತಿಳಿಸುತ್ತಿದ್ದರು. 2008ರಲ್ಲಿ ದೇವ್ ದತ್ತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರತಿಯೊಂದು ನಮೂದನ್ನೂ ತಿಳಿಸಬೇಕೆಂದು ಹೇಳಿತು. ಆ ಪ್ರಕರಣದಲ್ಲಿ ಬಡ್ತಿ ತಪ್ಪಿಸಿದ್ದು "ಉತ್ತಮ" ಎಂಬ ನಮೂದೇ, ಏಕೆಂದರೆ ಬಡ್ತಿಗೆ ಬೇಕಾಗಿದ್ದುದು "ಅತ್ಯುತ್ತಮ". 2013ರಲ್ಲಿ ಮೂವರು ನ್ಯಾಯಾಧೀಶರ ಪೀಠವೂ ಇದನ್ನೇ ಎತ್ತಿಹಿಡಿಯಿತು. ಈ ತೀರ್ಪುಗಳು ಸರ್ಕಾರಿ ನೌಕರರಿಗೆ ಸಂಬಂಧಿಸಿದವು. ಆದರೂ ಅದರ ತಿರುಳು ನಮಗೂ ಒಪ್ಪುವಂಥದೇ. ಪೂರ್ತಿ ವರದಿಯನ್ನು ಅವರ ಕೈಗೆ ಕೊಟ್ಟು, ಅದೇ ಹಾಳೆಯ ಕೆಳಗೆ ಅವರ ಉತ್ತರ ಬರೆಯಲು ಜಾಗ ಬಿಡಬೇಕು.

ಮಾತುಕತೆ ನಡೆಸುವ ಕ್ರಮ

ವಾರಕ್ಕೆ ಮುಂಚೆ ಅವರಿಗೆ ಒಂದು ಹಾಳೆ ಕೊಟ್ಟು, ಈ ವರ್ಷ ತಮಗೆ ತೃಪ್ತಿ ತಂದ ಕೆಲಸ ಯಾವುದು, ಯಾವುದು ನಡೆಯಲಿಲ್ಲ, ಯಾರಿಂದ ಏನು ನೆರವು ಬೇಕಿತ್ತು ಎಂದು ಬರೆದು ತರಲು ಹೇಳಬೇಕು. ಸಂತೆಯ ದಿನ, ಮಂಡಳಿ ಸಭೆಯ ದಿನ ಬೇಡ. ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಗಂಟೆ ಬೇಕಾಗುತ್ತದೆ.

ಮೊದಲು ಫಲಿತಾಂಶವನ್ನು ಪೂರ್ತಿಯಾಗಿ ಹೇಳಿ. "ಚೆನ್ನಾಗಿ ಮಾಡಿದ್ದೀರಿ" ಎಂದಷ್ಟೇ ಹೇಳಿ ಮುಂದೆ ಓಡಬಾರದು. ಎಷ್ಟು ಚೀಲ, ಯಾವ ಸದಸ್ಯರನ್ನು ಮರಳಿ ಸಂಘಕ್ಕೆ ತಂದರು, ತೂಕದಲ್ಲಿ ದೂರು ಬಾರದಂತೆ ಹೇಗೆ ನೋಡಿಕೊಂಡರು ಎಂದು ಬಿಡಿಸಿ ಹೇಳಿ ನಿಲ್ಲಿಸಿ. ಅದರ ಬಾಲಕ್ಕೆ "ಆದರೆ" ಎಂಬ ಮಾತನ್ನು ಕಟ್ಟಬೇಡಿ. ಕಟ್ಟಿದರೆ ಹೊಗಳಿದ್ದೆಲ್ಲ ಬೈಯುವುದಕ್ಕೆ ಪೀಠಿಕೆ ಎಂದು ಅವರು ತಿಳಿಯುತ್ತಾರೆ. ಅಲ್ಲಿಗೆ ಅವರ ಮಾತು ಕೇಳಿ. ಆ ಮೇಲೆ, "ಇನ್ನು ಎರಡನೆಯ ಭಾಗಕ್ಕೆ ಬರೋಣ" ಎಂದು ಬೇರೆಯಾಗಿಯೇ ಶುರುಮಾಡಿ.

ಲಾರಿ, ಚೀಟಿ, ಮೀಟರು ಈ ಮೂರನ್ನೂ ಬರೆದ ಹಾಗೆಯೇ ಓದಿ ಹೇಳಿ. ಚೀಲದ ಲೆಕ್ಕವನ್ನೂ ಮುಂದಿಡಿ. ಆಗ ಸಾಮಾನ್ಯವಾಗಿ ಬರುವ ಉತ್ತರಗಳು ಎರಡು.

"ನಾನು ದುಡೀತೀನಿ ಸಾರ್, ಅವರು ದುಡಿಯಲ್ಲ. ಅದಕ್ಕೇ ಹೊಟ್ಟೆಕಿಚ್ಚು." ಇದಕ್ಕೆ ವಾದ ಹೂಡಬಾರದು. "ಅವರ ಕೆಲಸದ ಮಾತು ಅವರೊಂದಿಗೆ ಆಡುತ್ತೇನೆ. ಈಗ ನಾವು ಮಾತಾಡುತ್ತಿರುವುದು ಮೀಟರಿನ ವಿಷಯ. ಅವತ್ತು ಕೊಟ್ಟಿದ್ದರೆ ನಿಮಗೆ ಏನು ತೊಂದರೆಯಾಗುತ್ತಿತ್ತು ಹೇಳಿ" ಎಂದು ಕೇಳಬೇಕು. ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಜವಾದ ಕಾರಣ ಹೊರಬರುತ್ತದೆ. ಹಿಂದೊಮ್ಮೆ ಕೊಟ್ಟ ಸಾಮಾನು ಮುರಿದು ಬಂದಿರಬಹುದು. ಹಾಗಿದ್ದರೆ ಕೊಟ್ಟು ತೆಗೆದುಕೊಳ್ಳುವ ಪುಸ್ತಕವೊಂದನ್ನು ಇಡುವುದೇ ಪರಿಹಾರ.

"ಯಾರು ಹೇಳಿದ್ದು ನಿಮಗೆ?" ಎಂಬುದು ಇನ್ನೊಂದು ಉತ್ತರ. ಇದಕ್ಕಾಗಿಯೇ ವರದಿ ದೂರಿನ ಮೇಲೆ ನಿಲ್ಲದೆ ಲಾರಿ ಪುಸ್ತಕ, ಚೀಟಿಯ ಮೇಲಿನ ಮೊಹರು, ಟೋಕನ್ ಪುಸ್ತಕ ಇವುಗಳ ಮೇಲೆ ನಿಲ್ಲಬೇಕು. "ಎಲ್ಲರೂ ಹೇಳುತ್ತಾರೆ" ಎಂದು ಬಾಯಿಬಿಟ್ಟರೆ ಮರುದಿನದಿಂದ ಅವರು ಆ "ಎಲ್ಲರನ್ನು" ಹುಡುಕಲು ಹೊರಡುತ್ತಾರೆ. ಹೊಂದಾಣಿಕೆ ಮೊದಲಿಗಿಂತ ಕೆಡುತ್ತದೆ.

ಇನ್‌ಕ್ರಿಮೆಂಟಿನ ಮಾತನ್ನು ಅದೇ ದಿನ ಎತ್ತಬೇಡಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ನಡೆಸಿದ ಅಧ್ಯಯನವೊಂದರ ವರದಿ 1965ರಲ್ಲಿ ಪ್ರಕಟವಾಯಿತು. ತಪ್ಪುಗಳನ್ನು ಒಂದರ ಮೇಲೊಂದು ಹೇಳಿದಷ್ಟೂ ನೌಕರರು ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲಿಯೇ ಉಳಿಯುತ್ತಾರೆ, ಸಂಬಳದ ತೀರ್ಮಾನ ಮತ್ತು ಸುಧಾರಣೆಯ ಮಾತು ಎರಡನ್ನೂ ಒಂದೇ ಕೂಟದಲ್ಲಿ ಇಡಬಾರದು ಎಂಬುದು ಅದರ ಸಾರ. ಹಣದ ಮಾತಿಗೆ ಒಂದೆರಡು ವಾರ ಬಿಟ್ಟು ಬೇರೆ ದಿನ ಕರೆಯುವುದೇ ಲೇಸು.

ಒಪ್ಪಂದ ಮತ್ತು ಪರೀಕ್ಷೆ

ಮಾತುಕತೆಯ ಕೊನೆಗೆ "ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತೇನೆ" ಎಂಬ ಮಾತನ್ನು ಬರೆಸಿಕೊಂಡರೆ ಅದನ್ನು ಅಳೆಯುವ ಕೋಲು ಯಾವುದೂ ಇಲ್ಲ. ಅಳೆಯಬಹುದಾದ ಮೂರು ಮಾತು ಸಾಕು. ಲಾರಿ ಹೊರಡುವ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಗೋದಾಮಿಗೆ ಫೋನು. ಚೀಟಿಗಳು ಮರುದಿನ ಹತ್ತು ಗಂಟೆಯೊಳಗೆ ಕಚೇರಿಗೆ, ಇದಕ್ಕಾಗಿ ಸುಗ್ಗಿಯ ತಿಂಗಳುಗಳಲ್ಲಿ ಸಂಘದಿಂದ ಬರೆಯುವವರೊಬ್ಬರು. ಹೆಚ್ಚುವರಿ ಸಾಮಾನು ಯಾವ ಕೇಂದ್ರ ಕೇಳಿದರೂ ಪುಸ್ತಕದಲ್ಲಿ ಸಹಿ ಪಡೆದು ಅದೇ ದಿನ ಕೊಡುವುದು.

ಇದರಲ್ಲೊಂದು ತೊಡಕಿದೆ. ವರದಿ ಬರೆಯುವುದು ಮಾರ್ಚಿನಲ್ಲಿ, ಮುಂದಿನ ಸುಗ್ಗಿಗೆ ಇನ್ನೂ ಎಂಟೊಂಬತ್ತು ತಿಂಗಳು. ಅಷ್ಟರವರೆಗೆ ಕಾದರೆ ಆಡಿದ ಮಾತು ಆರಿಹೋಗುತ್ತದೆ. ಆದ್ದರಿಂದ ಹತ್ತಿರದ ಕೆಲಸವೊಂದನ್ನು ಪರೀಕ್ಷೆಗೆ ಆರಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮುಂಚೆ ಮೈಲುತುತ್ತ ಹಂಚುವ ಕೆಲಸವಿದೆಯಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಕೇಂದ್ರದಲ್ಲಿ ದಾಸ್ತಾನು ಮುಗಿದು ಇನ್ನೊಂದರಲ್ಲಿ ಉಳಿಯುವುದು ಪ್ರತಿ ವರ್ಷ ಇದ್ದದ್ದೇ. ಮಳೆ ಹಿಡಿದ ಮೇಲೆ ಕೊಟ್ಟರೆ ಕೊಳೆರೋಗ ತಡೆಯಲು ಬಾರದು. ಆ ಹದಿನೈದು ದಿನಗಳಲ್ಲಿ ಪಕ್ಕದ ಕೇಂದ್ರ ಕೇಳಿದ ಮಾಲು ಎಷ್ಟು ಹೊತ್ತಿಗೆ ಹೋಯಿತು ಎಂದು ದಾಸ್ತಾನು ಪುಸ್ತಕದಲ್ಲಿ ನೋಡಿದರೆ ಉತ್ತರ ಸಿಗುತ್ತದೆ. ಜೂನ್ ಮೊದಲ ವಾರದಲ್ಲಿ ಕರೆದು ಹದಿನೈದು ನಿಮಿಷ ಮಾತಾಡಿ, ನಡೆದಿದ್ದರೆ ನಡೆದಿದೆ ಎಂದು ಅದೇ ವರದಿಗೆ ಒಂದು ಸಾಲು ಸೇರಿಸಬೇಕು.

ನೋಡುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. ದೂರು ನಿಂತಿತೆಂದರೆ ಸುಧಾರಿಸಿತೆಂದೇ ಅರ್ಥವಲ್ಲ. ಕೇಳಿ ಕೇಳಿ ಬೇಸತ್ತವರು ಕೇಳುವುದನ್ನೇ ಬಿಟ್ಟಿರಬಹುದು. ಕೊಟ್ಟು ತೆಗೆದುಕೊಳ್ಳುವ ಪುಸ್ತಕದಲ್ಲಿ ಆ ಕೇಂದ್ರದ ಪುಟ ಖಾಲಿಯಿದ್ದರೆ ಅನುಮಾನಪಡಬೇಕು. ಕೇಳಿದ್ದೂ ಇರಬೇಕು, ಕೊಟ್ಟದ್ದೂ ಇರಬೇಕು. ಆಗ ಸರಿಯಾಗಿದೆ ಎನ್ನಬಹುದು.

ಇನ್‌ಕ್ರಿಮೆಂಟು, ಬಡ್ತಿ

ಇವೆರಡನ್ನೂ ಒಂದೇ ಎಂದು ತಿಳಿಯಬಾರದು. ಇನ್‌ಕ್ರಿಮೆಂಟು ಮುಗಿದ ವರ್ಷದ ಕೆಲಸಕ್ಕೆ. 200 ಚೀಲ ಹೆಚ್ಚು ತಂದವರಿಗೆ ಅದನ್ನು ಪೂರ್ತಿ ಕೊಡಬೇಕು, ಅದರಲ್ಲಿ ಕಡಿತ ಸಲ್ಲದು. ಬಡ್ತಿ ಮುಂದಿನ ಕೆಲಸಕ್ಕೆ. ನಾಲ್ಕೂ ಕೇಂದ್ರಗಳ ಮೇಲಿನ ಹಿರಿಯ ಮೇಲ್ವಿಚಾರಕರ ಹುದ್ದೆಯಲ್ಲಿ ಚೀಲ ಖರೀದಿಸುವ ಕೆಲಸ ಕಡಿಮೆ, ನಾಲ್ವರಿಂದ ಕೆಲಸ ತೆಗೆಯುವುದೇ ಹೆಚ್ಚು. ಮೀಟರು ಕೊಡದವರನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಒಬ್ಬ ಒಳ್ಳೆಯ ಖರೀದಿದಾರರನ್ನು ಕಳೆದುಕೊಂಡು ನಾಲ್ಕು ಕೇಂದ್ರಗಳನ್ನೂ ಕೆಡಿಸಿಕೊಂಡ ಹಾಗೆ. ಆದ್ದರಿಂದ ಬಡ್ತಿಯನ್ನು ಮೇಲಿನ ಮೂರು ಮಾತುಗಳ ಪಾಲನೆಗೆ ಕಟ್ಟಿ, ಯಾವ ತಿಂಗಳಲ್ಲಿ ಮತ್ತೆ ಪರಿಶೀಲಿಸುತ್ತೇವೆ ಎಂಬುದನ್ನು ಬರೆದುಕೊಡಬೇಕು.

ಇದಕ್ಕೊಂದು ಮಿತಿಯುಂಟು. ಹೊಂದಾಣಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆಂದು ಸಾಲಿನ ಆರಂಭದಲ್ಲಿ, ಏಪ್ರಿಲಿನಲ್ಲಿಯೇ ಎಲ್ಲ ನೌಕರರಿಗೂ ಹೇಳಿರಬೇಕು. ಹೇಳಿರದಿದ್ದರೆ ಈ ವರ್ಷ ಅದನ್ನು ವರದಿಯಲ್ಲಿ ತಿಳಿಸಿ ಎಚ್ಚರಿಸಬಹುದು, ಅದರ ಮೇಲೆ ಬಡ್ತಿ ತಡೆಯುವುದು ಮುಂದಿನ ಸಾಲಿನಿಂದ.

"ಹೇಳಿದರೆ ಬಿಟ್ಟು ಹೋಗುತ್ತಾರೆ, ಅವರ ಕೇಂದ್ರದ ಚೀಲವೂ ಹೋಗುತ್ತದೆ" ಎಂಬ ಅಂಜಿಕೆ ಮಂಡಳಿಯಲ್ಲಿ ಇದ್ದೇ ಇರುತ್ತದೆ. ಹೋಗುವ ಸಾಧ್ಯತೆ ಇಲ್ಲವೆಂದಲ್ಲ. ಆದರೆ ಹೇಳದೆ ಬಿಟ್ಟರೆ ಹೋಗುವವರು ಇನ್ನೊಂದು ಕಡೆಯವರು: ರಾತ್ರಿ ಒಂಬತ್ತರವರೆಗೆ ಚೀಲ ಇಳಿಸಿದವರು, ತಮ್ಮದಲ್ಲದ ತಡಕ್ಕೆ ಬೈಗುಳ ತಿಂದ ಲೆಕ್ಕಿಗರು. ಅವರ ಹೆಸರಿನ ಮುಂದೆ ಚೀಲದ ಸಂಖ್ಯೆ ಬರೆದಿರುವುದಿಲ್ಲ. ಆದ್ದರಿಂದ ಅವರು ಹೋದ ನಷ್ಟ ಆ ಸಾಲಿನ ಪುಸ್ತಕದಲ್ಲಿ ಕಾಣದೆ ಮುಂದಿನ ಸಾಲಿನದರಲ್ಲಿ ಕಾಣುತ್ತದೆ.

ಸಣ್ಣ ತೋಟಗಳಲ್ಲಿ ಇಷ್ಟು ಕಾಗದದ ಅಗತ್ಯವಿಲ್ಲ. ಕೊಯ್ಲು ಮುಗಿದ ಮೇಲೆ ಮೇಸ್ತ್ರಿಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು, ಕುಯ್ಸಿದ ಲೆಕ್ಕವನ್ನು ಮೊದಲು ಹೇಳಿ ಮುಗಿಸಿ, ಆ ಮೇಲೆ ಯಾವ ದಿನ ಯಾರ ಕೆಲಸ ಕೆಟ್ಟಿತು ಎಂಬುದನ್ನು ಬೇರೆಯಾಗಿ ಹೇಳಿ, ಗೊಬ್ಬರ ಹಾಕುವ ಹೊತ್ತಿಗೆ ಏನು ಬದಲಾಗಬೇಕೆಂದು ಗೊತ್ತುಮಾಡಿಕೊಂಡರೆ ಸಾಕು. ದಿನಚರಿಯಲ್ಲಿ ಅದಕ್ಕೆ ಎರಡು ಸಾಲು ಬರೆದಿಡಿ. ಬೋನಸ್ಸಿನ ಮಾತು ಇನ್ನೊಂದು ದಿನಕ್ಕಿರಲಿ.